ಕೆಲಸದವರ ಭಾವಚಿತ್ರವೂ ಯಂತ್ರ ರಚಿಸುವ ಜಾಹೀರಾತೂ
(ಸಣ್ಣ ಉದ್ದಿಮೆದಾರರ ಶಿಬಿರದ ಭಾಷಣ)

ಜಿನನಾಥಪುರದ ಸುತ್ತಿನ ಹಳ್ಳಿಗಳಲ್ಲಿ ಬೇಸಾಯದ ಜೊತೆಗೆ ಗಾಣ, ಗಿರಣಿ, ಅಂಗಡಿ ನಡೆಸುವ ರೈತಬಾಂಧವರೇ,

ಕೆಲಸದವರ ಒಂದು ಫೋಟೋ ಕೊಟ್ಟರೆ ಕೃತಕ ಬುದ್ಧಿಮತ್ತೆಯ ಯಂತ್ರವು ಕ್ಷಣದಲ್ಲಿ ಜಾಹೀರಾತು ರಚಿಸಿಕೊಡುತ್ತದೆ. ಕೊಬ್ಬರಿ ಎಣ್ಣೆಯ ಗಾಣದಲ್ಲಿ ಡಬ್ಬಿ ತುಂಬುವ ಹೆಂಗಸಿನ ಫೋಟೋ ಕೊಟ್ಟಿರೆಂದು ಇಟ್ಟುಕೊಳ್ಳಿ. ಯಂತ್ರವು ಆಕೆಯ ಜಡೆಯನ್ನು ಮೊಣಕಾಲುದ್ದ ಬೆಳೆಸಿ, “ಈ ಎಣ್ಣೆಯಿಂದಲೇ ಬೆಳೆಯಿತು” ಎಂದು ಆಕೆಯ ಬಾಯಿಂದ ನುಡಿಸಬಹುದು. ಆಕೆ ಹಾಗೆ ಹೇಳಿಯೇ ಇಲ್ಲ. ಇದು ಆಕೆಗೂ ಗಿರಾಕಿಗೂ ಮಾಡಿದ ಮೋಸ. ಜಾಹೀರಾತಿನ ಶಿಫಾರಸು ಹೇಳುವವರ ನಿಜವಾದ ಅಭಿಪ್ರಾಯವೇ ಆಗಿರಬೇಕೆಂದು 2022ರ ಕೇಂದ್ರ ಸರ್ಕಾರದ ಮಾರ್ಗಸೂಚಿ ವಿಧಿಸುತ್ತದೆ.

ಫೋಟೋ ತೆಗೆಯಲು ಒಪ್ಪಿದವರು ಅದನ್ನು ಬದಲಾಯಿಸಲೂ ಒಪ್ಪಿದರೆಂದು ತಿಳಿಯತಕ್ಕದ್ದಲ್ಲ. ಏನು ಬದಲಾಗುವುದು, ಎಲ್ಲಿ ಹಾಕುವುದು, ಎಷ್ಟು ತಿಂಗಳು ಎಂಬುದನ್ನು ಓದಿ ಹೇಳಿ ರುಜು ಪಡೆಯಿರಿ. ಬೇಡವೆಂದರೆ ಕೂಲಿಗೆ ಕುತ್ತು ಬಾರದೆಂದೂ ತಿಳಿಸಿರಿ.

ಯಂತ್ರಕ್ಕೆ ಕೊಡುವ ಮುನ್ನ ಫೋಟೋದ ಹಿನ್ನೆಲೆ ನೋಡಿರಿ. ಫೋನ್ ಸಂಖ್ಯೆ, ಗುರುತಿನ ಚೀಟಿ, ಮಕ್ಕಳ ಮುಖ ಕಂಡರೆ ಕತ್ತರಿಸಿರಿ. ಸಿದ್ಧವಾದ ಜಾಹೀರಾತನ್ನು ಮೊದಲು ಆಕೆಗೇ ತೋರಿಸಿರಿ. ಮುಖ, ಉಡುಪು, ಮಾತು ಯಾವುದು ತನ್ನದಲ್ಲವೆಂದರೂ ಅದನ್ನು ಬಿಡತಕ್ಕದ್ದು.

ಮುಂದೆ ಆಕೆ ಕೆಲಸ ಬಿಟ್ಟು, ಚಿತ್ರ ತೆಗೆಯಿರಿ ಎಂದರೆ ಅಂಗಡಿಯ ಫಲಕದಿಂದ ತೆಗೆಯಬಹುದು. ಊರೂರಿನ ಫೋನುಗಳಿಗೆ ಹೋದದ್ದನ್ನು ಹಿಂದಕ್ಕೆ ತರಲಾಗದು. ಆದುದರಿಂದ ಎಣ್ಣೆ ಮಾರಲು ಡಬ್ಬಿಯ ಚಿತ್ರವೇ ಸಾಕಾದಲ್ಲಿ, ಮುಖವನ್ನು ಯಂತ್ರಕ್ಕೆ ಕೊಡದಿರುವುದೇ ಲೇಸು.