ಎತ್ತರ ಫೋಟೊಗೆ, ಇಳಿಜಾರು ಪಾದಕ್ಕೆ

ಬೆಂಗಳೂರು, ಮೈಸೂರು ಕಡೆಯ ಮದುವೆಗಳಲ್ಲಿ ವಧುವಿನ ಕಾಲಿಗೆ ಕಷ್ಟದ ಹೊತ್ತು ಮುಹೂರ್ತದ್ದಲ್ಲ, ಹಿಂದಿನ ದಿನದ ಸಂಜೆಯದು. ಧಾರೆಯ ಮಂಟಪದಲ್ಲಿ ಬರಿಗಾಲು. ಕೂರಲು ಹಸೆಮಣೆಯೂ ಇರುತ್ತದೆ. ಆರತಕ್ಷತೆಯಲ್ಲಿ ಏಳು ಗಂಟೆಗೆ ವೇದಿಕೆ ಹತ್ತಿದವಳು ಹತ್ತು ಹತ್ತೂವರೆವರೆಗೂ ನಿಂತಲ್ಲೇ ನಿಂತು, ಸಾಲಿನಲ್ಲಿ ಬಂದವರಿಗೆಲ್ಲ ಕೈಮುಗಿದು, ಕ್ಯಾಮೆರಾ ಕಡೆ ತಿರುಗಿ ನಗಬೇಕು. ಅಂಗಡಿಯಲ್ಲಿ ನಾಲ್ಕು ಹೆಜ್ಜೆ ನಡೆದು ನೋಡಿ ತಂದ ಹೀಲ್ಸ್ ಕೈಕೊಡುವುದು ಇಲ್ಲೇ. ವೇದಿಕೆಯ ಮೇಲೆ ನಡೆಯುವುದು ಕಡಿಮೆ, ನಿಲ್ಲುವುದು ಹೆಚ್ಚು.

ಬರಿಗಾಲಲ್ಲಿ ನಿಂತಾಗ ಮೈಭಾರದ ದೊಡ್ಡ ಪಾಲನ್ನು ಹಿಮ್ಮಡಿ ಹೊರುತ್ತದೆ. ಹಿಮ್ಮಡಿ ಮೇಲೇರಿದಷ್ಟೂ ಆ ಭಾರ ಬೆರಳುಗಳ ಬುಡಕ್ಕೆ ಜಾರುತ್ತದೆ. ಪಾದ ಮುಂದಕ್ಕೆ ಸರಿದು ಬೆರಳುಗಳು ಚಪ್ಪಲಿಯ ತುದಿಗೆ ಒತ್ತಿಕೊಳ್ಳುತ್ತವೆ, ಸೊಂಟದ ಕೆಳಭಾಗ ಸಮತೋಲಕ್ಕಾಗಿ ಬಿಗಿಯುತ್ತದೆ. ಮೂರನೆಯ ಮತ್ತು ನಾಲ್ಕನೆಯ ಬೆರಳಿನ ನಡುವೆ ಉರಿ ಅಥವಾ ಜೋಮು ಕಾಣಿಸಿದರೆ ಅಲ್ಲಿಯ ನರ ಅದುಮಿಕೊಂಡಿದೆ ಎಂದು ತಿಳಿಯಬಹುದು. ಮನೆಯಲ್ಲಿ ಹಾಕಿ ನೋಡುವಾಗಲೇ ಇದು ಶುರುವಾದರೆ ಆ ಜೋಡಿಯನ್ನು ಬದಲಿಸುವುದೇ ಸರಿ. ಹಾಕುತ್ತಾ ಹಾಕುತ್ತಾ ಸರಿಹೋಗುವ ನೋವಲ್ಲ ಅದು.

ಹೀಲ್ಸ್ ಕೊಳ್ಳುವವರು ನೋಡುವುದು ಹಿಮ್ಮಡಿಯ ಎತ್ತರವನ್ನು. ಪಾದಕ್ಕೆ ಗೊತ್ತಾಗುವುದು ಮಾತ್ರ ಇಳಿಜಾರು. ಐದಡಿ ಎರಡಿಂಚಿನ ವಧು, ಐದಡಿ ಹತ್ತಿಂಚಿನ ವರ ಎಂದಿಟ್ಟುಕೊಳ್ಳೋಣ. ಫೋಟೊದಲ್ಲಿ ಜೋಡಿ ಹೊಂದಬೇಕು, ನಾಲ್ಕಿಂಚು ಬೇಕೇ ಬೇಕು ಎಂದು ಮನೆಯವರ ಹಟ. ಮುಂಭಾಗದಲ್ಲಿ ತೆಳು ಅಟ್ಟೆಯಿರುವ ನಾಲ್ಕಿಂಚಿನ ಹೀಲ್ ತಂದರೆ ಪೂರ್ತಿ ನಾಲ್ಕಿಂಚಿನ ಇಳಿಜಾರಿನಲ್ಲೇ ಮೂರು ಗಂಟೆ ನಿಲ್ಲಬೇಕು. ಅದರ ಬದಲು ಬೆರಳಿನಡಿ ಒಂದಿಂಚು ದಪ್ಪದ ಪ್ಲಾಟ್‌ಫಾರ್ಮ್ ಇರುವ ಮೂರೂವರೆ ಇಂಚಿನ ಬ್ಲಾಕ್ ಹೀಲ್ ತಂದರೆ ಇಳಿಜಾರು ಎರಡೂವರೆಗೆ ಇಳಿಯುತ್ತದೆ. ಕಳೆದುಕೊಂಡದ್ದು ಅರ್ಧ ಇಂಚಿನ ಎತ್ತರ; ಎಂಟಿಂಚು ವ್ಯತ್ಯಾಸವಿರುವ ಜೋಡಿಯಲ್ಲಿ ಅದನ್ನು ಯಾರೂ ಅಳೆಯಲಾರರು. ದಿನವೂ ಚಪ್ಪಟೆ ಚಪ್ಪಲಿಯಲ್ಲೇ ಓಡಾಡುವವರು ಇಳಿಜಾರನ್ನು ಎರಡಿಂಚಿನ ಆಸುಪಾಸಿಗೆ ನಿಲ್ಲಿಸಿಕೊಳ್ಳುವುದು ಒಳ್ಳೆಯದು.

ಹಾಗೆಂದು ಪ್ಲಾಟ್‌ಫಾರ್ಮನ್ನು ಎರಡು ಮೂರಿಂಚಿಗೆ ಏರಿಸಿಬಿಡುವಂತಿಲ್ಲ. ದಪ್ಪ ಅಟ್ಟೆ ಬಾಗುವುದಿಲ್ಲ, ಕೆಳಗೆ ನೆಲ ಹೇಗಿದೆ ಎಂಬುದು ಪಾದಕ್ಕೆ ತಿಳಿಯುವುದಿಲ್ಲ, ಮೆಟ್ಟಿಲಿನಲ್ಲಿ ಕಾಲು ಮಡಚಿಕೊಳ್ಳುವುದು ಸುಲಭ. ಇನ್ನೂ ಎತ್ತರ ಬೇಕೆನ್ನುವವರಿಗೆ ಸಿನಿಮಾದವರ ಉಪಾಯವಿದೆ. ಶೂಟಿಂಗ್‌ನಲ್ಲಿ ಎತ್ತರ ಹೊಂದಿಸಲು ನಟರನ್ನು ತಗ್ಗಿನ ಮರದ ಪೆಟ್ಟಿಗೆಯ ಮೇಲೆ ನಿಲ್ಲಿಸುವುದು ಹಳೆಯ ಪದ್ಧತಿ. ನಾಲ್ಕಾರು ಮುಖ್ಯ ಫೋಟೊಗಳಿಗೆ ಮನೆಯ ಮಣೆಯೊಂದು ಆ ಕೆಲಸ ಮಾಡೀತು, ಸೀರೆಯ ನೆರಿಗೆ ಅದನ್ನು ಮುಚ್ಚಿಯೂಬಿಡುತ್ತದೆ.

ನೆರಿಗೆಯೇ ಸ್ಟಿಲೆಟೊ ಪರವಾದ ವಾದವನ್ನೂ ಮುಗಿಸುತ್ತದೆ. ಪೆನ್ಸಿಲ್ ಹೀಲ್‌ನ ಅಂದವೆಲ್ಲ ಆ ಸಪೂರ ಹಿಮ್ಮಡಿಯಲ್ಲಿದೆ. ನೆಲ ಮುಟ್ಟುವ ಕಾಂಜೀವರಂ ಕೆಳಗೆ ಅದು ಯಾರಿಗೂ ಕಾಣುವುದಿಲ್ಲ. ಅಷ್ಟು ತೆಳುವಾದ ಹಿಮ್ಮಡಿ ಮುರಿಯದೆ ನಿಲ್ಲುವುದು ಸಾಧ್ಯವಾದದ್ದೇ 1950ರ ದಶಕದಲ್ಲಿ, ಒಳಗೆ ಉಕ್ಕಿನ ಕಡ್ಡಿ ಇಟ್ಟ ಮೇಲೆ. ಅದರ ತುದಿ ಸುಮಾರು ಒಂದು ಚದರ ಸೆಂಟಿಮೀಟರ್ ಮಾತ್ರ. ಮೂರು ಸೆಂಟಿಮೀಟರ್ ಉದ್ದಗಲದ ಬ್ಲಾಕ್ ಹೀಲ್ ನೆಲಕ್ಕೆ ತಾಗುವ ಜಾಗ ಅದರ ಒಂಬತ್ತು ಪಟ್ಟು. ಅಂದರೆ ಅದೇ ಭಾರಕ್ಕೆ ಒತ್ತಡ ಒಂಬತ್ತನೆಯ ಒಂದು ಪಾಲು. ಛತ್ರದ ವೇದಿಕೆಯಲ್ಲಿ ಪ್ಲೈವುಡ್ ಹಲಗೆಗಳ ಮೇಲೆ ಕಾರ್ಪೆಟ್ ಎಳೆದಿರುತ್ತಾರೆ. ಎರಡು ಹಲಗೆ ಕೂಡುವ ಸಂದಿಗೆ ಸ್ಟಿಲೆಟೊ ಸರಿಯಾಗಿ ಇಳಿಯುತ್ತದೆ. ಹುಲ್ಲುಹಾಸಿನ ರೆಸಾರ್ಟ್ ಮದುವೆಯಲ್ಲಂತೂ ಅದು ಮಣ್ಣಿಗೇ ಹೂತುಹೋಗುತ್ತದೆ.

ಆದರೆ ಬ್ಲಾಕ್ ಹೀಲ್ ಉಳಿಸುವುದು ಕಣಕಾಲನ್ನು, ಬೆರಳಿನ ಬುಡವನ್ನಲ್ಲ. ಇಳಿಜಾರು ಒಂದೇ ಇದ್ದರೆ ಅಲ್ಲಿ ಬೀಳುವ ಭಾರವೂ ಹೆಚ್ಚುಕಡಿಮೆ ಅಷ್ಟೇ. ದಪ್ಪ ಹಿಮ್ಮಡಿ ಇದೆಯೆಂಬ ಧೈರ್ಯದಲ್ಲಿ ನಾಲ್ಕೂವರೆ ಇಂಚಿಗೆ ಹೋದವರು ಇದನ್ನು ಎಂಟೂವರೆ ಗಂಟೆಯ ಹೊತ್ತಿಗೆ ಅರಿತುಕೊಳ್ಳುತ್ತಾರೆ. ಕಣಕಾಲಿಗೆ ಪಟ್ಟಿ ಇದ್ದರೆ ಪಾದ ಮುಂದೆ ಜಾರುವುದು ಕಡಿಮೆಯಾಗುತ್ತದೆ.

ಕೊಳ್ಳಲು ಹೋಗುವುದು ಸಂಜೆಯೇ ಆಗಲಿ. ದಿನವೆಲ್ಲ ಓಡಾಡಿದ ಪಾದ ಬೆಳಗಿನದಕ್ಕಿಂತ ಊದಿಕೊಂಡಿರುತ್ತದೆ, ಆರತಕ್ಷತೆಗೆ ಬರುವುದೂ ಅದೇ ಪಾದ. ಎರಡೂ ಪಾದಗಳನ್ನು ನಿಂತು ಅಳೆಸಿ, ದೊಡ್ಡದಕ್ಕೆ ಹೊಂದುವುದನ್ನು ಆರಿಸಬೇಕು. ಅಂಗಡಿಯಲ್ಲಿ ನಡೆದು ನೋಡಿದ ಮೇಲೆ ಹತ್ತು ನಿಮಿಷ ಸುಮ್ಮನೆ ನಿಂತೂ ನೋಡಬೇಕು. ಲೆಹೆಂಗಾ ಹೊಲಿಸುವುದಿದ್ದರೆ ಟೈಲರ್ ಅಳತೆ ತೆಗೆಯುವ ಮೊದಲೇ ಹೀಲ್ಸ್ ಕೈಯಲ್ಲಿರಬೇಕು, ಇಲ್ಲವಾದರೆ ಅಂಚು ನೆಲ ಗುಡಿಸುತ್ತದೆ ಇಲ್ಲವೇ ಕಣಕಾಲಿಗೇ ನಿಂತುಬಿಡುತ್ತದೆ. ಕೆಲವೆಡೆ ಆರತಕ್ಷತೆ ಮುಹೂರ್ತದ ನಂತರ ಇರುತ್ತದೆ. ಆಗ ಎರಡನೆಯ ಬೆರಳಿನಲ್ಲಿ ಹೊಸ ಕಾಲುಂಗುರ ಕೂತಿರುತ್ತದೆ, ಬಿಗಿ ಶೂನೊಳಗೆ ಅದು ಪಕ್ಕದ ಬೆರಳನ್ನು ಕೊರೆಯುತ್ತದೆ. ಅಂಥವರಿಗೆ ಮುಂದೆ ತೆರೆದ ಸ್ಯಾಂಡಲ್ಲೇ ವಾಸಿ.

ಪಾದದ ತಯಾರಿಗೆ ಮೂರು ವಾರ ಬೇಕು. ಮನೆಯಲ್ಲಿ ಸಂಜೆ ಇಪ್ಪತ್ತು ನಿಮಿಷದಿಂದ ಶುರುಮಾಡಿ ಗಂಟೆಯವರೆಗೆ ಏರಿಸುತ್ತಾ ಹೋದರೆ ಉಜ್ಜುವ ಜಾಗ ತಾನಾಗಿಯೇ ಕೆಂಪಾಗಿ ತೋರಿಸಿಕೊಡುತ್ತದೆ. ತೊಗಲಾದರೆ ಅಲ್ಲಿ ಸ್ವಲ್ಪ ಸಡಿಲಗೊಳ್ಳುತ್ತದೆ, ಚಪ್ಪಲಿ ರಿಪೇರಿಯವರೂ ಹಿಗ್ಗಿಸಿಕೊಡುತ್ತಾರೆ. ರೆಕ್ಸಿನ್ ಹಿಗ್ಗುವುದು ತೀರ ಕಡಿಮೆ. ಹೊಸ ಅಟ್ಟೆ ನುಣುಪಾಗಿದ್ದರೆ ಸ್ಯಾಂಡ್ ಪೇಪರ್‌ನಿಂದ ತುಸು ಉಜ್ಜಿ ಒರಟು ಮಾಡಬಹುದು. ಮೆಟ್ಟಿಲಂಚಿನಲ್ಲಿ ಬೆರಳುಗಳ ಮೇಲೆ ನಿಂತು, ಗೋಡೆ ಹಿಡಿದುಕೊಂಡು ಹಿಮ್ಮಡಿಯನ್ನು ನಿಧಾನ ಕೆಳಗಿಳಿಸುವ ವ್ಯಾಯಾಮದಿಂದ ಮೀನಖಂಡದ ಬಿಗಿ ಕಡಿಮೆಯಾಗುತ್ತದೆ.

ಪೆಡಿಕ್ಯೂರ್ ಮೆಹಂದಿಗಿಂತ ಮೊದಲು ಆಗಬೇಕು. ಮೆಹಂದಿಯ ಬಣ್ಣ ಕೂರುವುದು ಚರ್ಮದ ಮೇಲ್ಪದರದಲ್ಲಿ, ಸ್ಕ್ರಬ್ ತೆಗೆದುಹಾಕುವುದೂ ಅದನ್ನೇ. ಗಟ್ಟಿಯಾದ ಚರ್ಮವನ್ನು ಪೂರ್ತಿ ಕೆರೆಸಿಬಿಡುವುದೂ ಬೇಡ, ಆ ಜಾಗಕ್ಕೆ ಅದೇ ರಕ್ಷಣೆ. ಉಜ್ಜುವ ಜಾಗಕ್ಕೆ ಮೆಡಿಕಲ್ ಶಾಪಿನ ಕಾಗದದ ಸರ್ಜಿಕಲ್ ಟೇಪ್ ಸಾಕು. ಸ್ಟ್ಯಾನ್‌ಫರ್ಡ್ ವೈದ್ಯರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು 250 ಕಿಲೋಮೀಟರ್ ಓಡುವವರ ಪಾದಗಳಲ್ಲಿ ಈ ಅಗ್ಗದ ಟೇಪ್ ಬೊಬ್ಬೆಗಳನ್ನು ಶೇ 40ರಷ್ಟು ತಗ್ಗಿಸಿತ್ತು. ಟೇಪನ್ನು ಒಣ ಚರ್ಮಕ್ಕೆ ಹಚ್ಚಬೇಕು, ಮೆಹಂದಿಯ ಚಿತ್ತಾರವನ್ನು ಬಿಟ್ಟು. ಮರಗಟ್ಟಿಸುವ ಸ್ಪ್ರೇ ಬೇಡ. ನೋವು ಅಡಗುತ್ತದೆ, ಗಾಯ ಆಗುವುದು ಆಗುತ್ತಲೇ ಇರುತ್ತದೆ.

ವೇದಿಕೆಯಲ್ಲಿ ಸಾಲು ತೆಳುವಾದಾಗಲೆಲ್ಲ ಹಿಂದಿನ ಕುರ್ಚಿಯಲ್ಲಿ ಕೂತು ಕಣಕಾಲು ಆಡಿಸಿದರೆ ಕಾಲಿನಲ್ಲಿ ನಿಂತ ರಕ್ತ ಮೇಲೇರುತ್ತದೆ. ಊಟಕ್ಕೆ ಇಳಿಯುವಾಗ ಹಾಕಲು ಚಪ್ಪಟೆ ಚಪ್ಪಲಿಯೊಂದು ತಂಗಿಯ ಬ್ಯಾಗಿನಲ್ಲಿರಲಿ. ಸೀರೆ ಮಾತ್ರ ಹೀಲ್ಸ್ ಎತ್ತರಕ್ಕೆ ಉಟ್ಟದ್ದಾದ್ದರಿಂದ ನೆರಿಗೆ ಎತ್ತಿ ಹಿಡಿದೇ ನಡೆಯಬೇಕು. ಇಷ್ಟಾದ ಮೇಲೂ ರಾತ್ರಿ ಬೊಬ್ಬೆ ಎದ್ದಿದ್ದರೆ ಒಡೆಯದೆ ಸೋಪು ನೀರಿನಲ್ಲಿ ತೊಳೆದು, ಒರೆಸಿ, ಪ್ಲಾಸ್ಟರ್ ಹಾಕಿ ಮಲಗುವುದು. ಮೇಲಿನ ಚರ್ಮ ಕಿತ್ತು ಬಂದರೆ ಬೆಳಿಗ್ಗೆ ಸಪ್ತಪದಿಯ ಏಳು ಹೆಜ್ಜೆಯನ್ನು ಹಸಿ ಗಾಯದ ಮೇಲೆ ಬರಿಗಾಲಲ್ಲಿ ಇಡಬೇಕಾಗುತ್ತದೆ.