ಕೆಲಸ ಬಿಟ್ಟ ದಿನ ಫೋನೇ ಖಾಲಿಯಾದರೆ?

ನಮ್ಮ ಚಿಕ್ಕಪ್ಪನ ಮಗ ಹೋದ ವರ್ಷ ಕಂಪನಿ ಬದಲಿಸಿದ. ಕೊನೆಯ ದಿನ ಲ್ಯಾಪ್‌ಟಾಪ್, ಐಡಿ ಕಾರ್ಡ್ ಎಲ್ಲ ಒಪ್ಪಿಸಿ ಬಸ್ಸಿನಲ್ಲಿ ಮನೆಗೆ ಬರುತ್ತಿದ್ದ. ದಾರಿಯಲ್ಲೇ ಫೋನ್ ತಾನಾಗಿ ಆಫ್ ಆಯಿತು. ಮತ್ತೆ ಆನ್ ಆದಾಗ ಆಗಷ್ಟೇ ಅಂಗಡಿಯಿಂದ ತಂದ ಫೋನಿನ ಹಾಗೆ ಭಾಷೆ ಯಾವುದು ಅಂತ ಕೇಳುತ್ತಿತ್ತು. ಮಗಳ ನಾಮಕರಣದ ಫೋಟೊಗಳಿಗೆ ಬ್ಯಾಕಪ್ ಇರಲಿಲ್ಲ. "ಅಕ್ಕಾ, ನನ್ನ ದುಡ್ಡಲ್ಲಿ ತಗೊಂಡ ಫೋನು. ಅವರು ಹೇಗೆ ಅಳಿಸ್ತಾರೆ?" ಅಂತ ರಾತ್ರಿ ನನಗೆ ಕಾಲ್ ಮಾಡಿದ್ದ.

ಅನುಮತಿ ಕೊಟ್ಟಿದ್ದು ಅವನೇ. ಕೆಲಸಕ್ಕೆ ಸೇರಿದ ವಾರ ಫೋನಿನ ಮೇಲ್ ಆ್ಯಪ್‌ನಲ್ಲಿ ಆಫೀಸಿನ ಎಕ್ಸ್‌ಚೇಂಜ್ ಖಾತೆ ಸೇರಿಸಿದ್ದ. ಆಗ ಒಂದು ಪರದೆ ಬಂದು "device admin" ಅಧಿಕಾರ ಕೇಳಿತ್ತು. ಅದರ ಪಟ್ಟಿಯಲ್ಲಿದ್ದ ಒಂದು ಸಾಲು Erase all data. ಮೇಲ್ ಬೇಗ ಬರಲಿ ಅಂತ ಓದದೆ Activate ಒತ್ತಿದ್ದ. ಫೋನ್ ಕಳೆದುಹೋದರೆ ಕಂಪನಿಯ ಮಾಹಿತಿ ಬೇರೆಯವರ ಕೈಗೆ ಸಿಗಬಾರದು ಅಂತ ಇರುವ ವ್ಯವಸ್ಥೆ ಅದು. ಆದರೆ ಅದು ಆಫೀಸಿನ ಮೇಲ್ ಒಂದನ್ನೇ ಆರಿಸಿ ಅಳಿಸುವುದಿಲ್ಲ, ಇಡೀ ಫೋನನ್ನೇ ಗುಡಿಸಿ ಹಾಕುತ್ತದೆ.

ನಿಮ್ಮ ಆ್ಯಂಡ್ರಾಯ್ಡ್ ಫೋನಿನಲ್ಲೂ ಹೀಗಿದೆಯಾ ಅಂತ ಈಗಲೇ ನೋಡಿಕೊಳ್ಳಬಹುದು. ಸೆಟ್ಟಿಂಗ್ಸ್‌ನ ಹುಡುಕಾಟದಲ್ಲಿ Device admin apps ಅಂತ ಟೈಪ್ ಮಾಡಿ. ಆ ಪಟ್ಟಿಯಲ್ಲಿ ಮೇಲ್ ಆ್ಯಪ್ ಆನ್ ಆಗಿದ್ದರೆ ಅದನ್ನು ಒತ್ತಿ, ಯಾವ ಯಾವ ಅಧಿಕಾರ ಕೊಟ್ಟಿದ್ದೀರಿ ಓದಿ.

ಇದಕ್ಕಿಂತ ಒಳ್ಳೆಯ ದಾರಿ ವರ್ಕ್ ಪ್ರೊಫೈಲ್. 2014ರ ಆ್ಯಂಡ್ರಾಯ್ಡ್ 5.0ರಿಂದಲೂ ಇದು ಇದೆ. ಒಂದೇ ಮನೆಯಲ್ಲಿ ಬೇರೆ ಬೀಗದ ಕೋಣೆ ಇದ್ದ ಹಾಗೆ. ಇದನ್ನು ನಾವಾಗಿ ಮಾಡಿಕೊಳ್ಳುವುದಕ್ಕಿಂತ ಐಟಿ ವಿಭಾಗದವರನ್ನು "ವರ್ಕ್ ಪ್ರೊಫೈಲ್ ಕೊಡ್ತೀರಾ?" ಅಂತ ಕೇಳಬೇಕು. ಅವರು ಒಂದು ಆ್ಯಪ್ ಹಾಕಿಕೊಳ್ಳಲು ಹೇಳುತ್ತಾರೆ, ಇಲ್ಲವೇ ಕ್ಯೂಆರ್ ಕೋಡ್ ಕಳಿಸುತ್ತಾರೆ. ಆಫೀಸ್ ಖಾತೆಯಿಂದ ಲಾಗಿನ್ ಆದ ಮೇಲೆ ಫೋನಿನ ಆ್ಯಪ್‌ಗಳ ಪಟ್ಟಿ Personal, Work ಅಂತ ಎರಡಾಗುತ್ತದೆ. ಆಫೀಸಿನ ಮೇಲ್, ಕ್ಯಾಲೆಂಡರ್ ಐಕಾನ್‌ಗಳ ಮೇಲೆ ಪುಟ್ಟ ಬ್ರೀಫ್‌ಕೇಸ್ ಗುರುತು ಇರುತ್ತದೆ. ಆ ಗುರುತು ಕಂಡರೆ ಪ್ರೊಫೈಲ್ ಸರಿಯಾಗಿ ಕೂತಿದೆ ಅಂತ ಅರ್ಥ.

ನಿಮ್ಮ ಸ್ವಂತ ಫೋನಿನಲ್ಲಿ ಹೀಗೆ ಹಾಕಿಕೊಂಡರೆ ನಿಮ್ಮ ಫೋಟೊ, ವಾಟ್ಸ್‌ಆ್ಯಪ್ ಕಂಪನಿಗೆ ಕಾಣುವುದಿಲ್ಲ. ಕೆಲಸ ಬಿಟ್ಟಾಗ ಅವರು ಅಳಿಸಿದರೂ ಹೋಗುವುದು ಆ ಕೋಣೆ ಮಾತ್ರ. ಕೋಣೆಯ ಒಳಗಿನದು ಮಾತ್ರ ಅವರದ್ದೇ, ಹಾಗಾಗಿ ಸ್ವಂತ ಫೈಲ್ ಅಲ್ಲಿ ಇಡಬೇಡಿ. ಶುಕ್ರವಾರ ಸಂಜೆ Work ಪಟ್ಟಿಯ ಕೆಳಗಿರುವ Pause ಒತ್ತಿದರೆ ಆಫೀಸಿನ ಆ್ಯಪ್‌ಗಳೆಲ್ಲ ನಿಲ್ಲುತ್ತವೆ, ನೋಟಿಫಿಕೇಶನ್ ಬರುವುದಿಲ್ಲ. ಆನ್‌ಕಾಲ್ ಇರುವ ವಾರ ಮಾತ್ರ ಹಾಗೆ ಮಾಡಬೇಡಿ, ತುರ್ತಿನ ಮೆಸೇಜೂ ಬರುವುದಿಲ್ಲ.

ಐಫೋನಿನಲ್ಲಿ ಹೀಗೆ ಎರಡು ಪಟ್ಟಿ ಕಾಣುವುದಿಲ್ಲ. ಅದರ ಸ್ವಂತ ಮೇಲ್ ಆ್ಯಪ್‌ಗೆ ಎಕ್ಸ್‌ಚೇಂಜ್ ಖಾತೆ ಸೇರಿಸಿದರೆ ಅಲ್ಲೂ ಇಡೀ ಫೋನ್ ಅಳಿಸುವ ಆದೇಶ ಬರಬಹುದು. ಕಂಪನಿ ಒಪ್ಪಿದರೆ ಬೇರೆಯಾಗಿ ಔಟ್‌ಲುಕ್ ಆ್ಯಪ್ ಹಾಕಿಕೊಳ್ಳಿ. ಆಗ ಎಕ್ಸ್‌ಚೇಂಜ್ ಕಡೆಯಿಂದ ಬರುವ ಆದೇಶ ಆ ಆ್ಯಪ್‌ನೊಳಗಿನದನ್ನು ಮಾತ್ರ ಅಳಿಸುತ್ತದೆ.

ಇನ್ನು ಕ್ಯಾಲೆಂಡರ್. ಎರಡೂ ಖಾತೆ ಒಂದೇ ಆ್ಯಪ್‌ನಲ್ಲಿದ್ದರೆ ಎಡವಟ್ಟಾಗುವುದು ಇಲ್ಲಿಯೇ. ಮಂಗಳವಾರ ನಾಲ್ಕಕ್ಕೆ "ಸ್ಕ್ಯಾನಿಂಗ್, ಡಾಕ್ಟರ್" ಅಂತ ಬರೆದು ಸೇವ್ ಮಾಡುತ್ತೀರಿ. ಅದು ಆಫೀಸ್ ಕ್ಯಾಲೆಂಡರಿಗೆ ಹೋಗಿ ಕೂರುತ್ತದೆ. ಕಂಪನಿಯಲ್ಲಿ ವಿವರ ಹಂಚಿಕೊಳ್ಳುವ ಸೆಟ್ಟಿಂಗ್ ಇದ್ದರೆ ಇಡೀ ಟೀಮ್ ಓದುತ್ತದೆ. ಸೇವ್ ಮಾಡುವ ಮುಂಚೆ ಯಾವ ಖಾತೆಯ ಹೆಸರಿದೆ ನೋಡಿ. ಐಫೋನಿನಲ್ಲಿ ಕ್ಯಾಲೆಂಡರ್ ಸೆಟ್ಟಿಂಗ್ಸ್‌ಗೆ ಹೋಗಿ Default Calendar ಅನ್ನು ಸ್ವಂತದ್ದಕ್ಕೆ ಬದಲಿಸಿ. ಆ ಹೊತ್ತಿಗೆ ಯಾರೂ ಮೀಟಿಂಗ್ ಇಡಬಾರದು ಅಂದರೆ ಆಫೀಸ್ ಕ್ಯಾಲೆಂಡರಿನಲ್ಲಿ ಬರೀ "Busy" ಅಂತ ಹಾಕಿದರೆ ಸಾಕು.

ಕಾಂಟ್ಯಾಕ್ಟ್ ಕೂಡ ಹಾಗೆಯೇ. ಪ್ಲಂಬರ್ ನಂಬರ್ ಆಫೀಸ್ ಖಾತೆಯಲ್ಲಿ ಸೇವ್ ಆಗಿದ್ದರೆ ಖಾತೆ ತೆಗೆದ ದಿನ ಅದೂ ಫೋನಿನಿಂದ ಹೋಗುತ್ತದೆ.

ಹಳೆಯ ರೀತಿಯಲ್ಲಿ ಮೇಲ್ ಸೇರಿಸಿದವರು ಮೊದಲು ಫೋಟೊ, ಕಾಂಟ್ಯಾಕ್ಟ್ ಬ್ಯಾಕಪ್ ಮಾಡಿ. ಆಮೇಲೆ ಆ ಖಾತೆ ತೆಗೆದು, ಅಡ್ಮಿನ್ ಅಧಿಕಾರ ಇನ್ನೂ ಆನ್ ಇದ್ದರೆ ಆಫ್ ಮಾಡಿ. ಮೇಲ್‌ಗಳು ಸರ್ವರಿನಲ್ಲೇ ಇರುತ್ತವೆ, ವರ್ಕ್ ಪ್ರೊಫೈಲ್ ಬಂದ ಮೇಲೆ ಮತ್ತೆ ಕಾಣುತ್ತವೆ.

ನಮ್ಮ ಹುಡುಗ ಹೊಸ ಕಂಪನಿಯಲ್ಲಿ ಮೊದಲ ದಿನವೇ ಪ್ರೊಫೈಲ್ ಕೇಳಿ ಹಾಕಿಸಿಕೊಂಡ. ನಾಮಕರಣದ ಫೋಟೊಗಳಲ್ಲಿ ನೆಂಟರ ವಾಟ್ಸ್‌ಆ್ಯಪ್‌ನಿಂದ ಸಿಕ್ಕಿದ್ದು ಹನ್ನೊಂದು. ಮಿಕ್ಕವು ಸಿಗಲೇ ಇಲ್ಲ.