ಇಳಿಜಾರಿನಲ್ಲಿ ಉಗುರು ಉಳಿಸುವ ಲೇಸು

ಕುಮಾರ ಪರ್ವತದಂಥ ಬೆಟ್ಟಕ್ಕೆ ಹೋದವರ ಹೆಬ್ಬೆರಳಿನ ಉಗುರು ಕಪ್ಪಾಗುವುದು ಹೆಚ್ಚಾಗಿ ಇಳಿಯುವಾಗ. ಹಿಮ್ಮಡಿಯ ಹಿಡಿತ ಸಡಿಲವಿದ್ದರೆ ಪಾದ ಹೆಜ್ಜೆಹೆಜ್ಜೆಗೂ ಮುಂದೆ ಜಾರಿ, ಉಗುರು ಶೂ ತುದಿಗೆ ಬಡಿಯುತ್ತದೆ.

ಓಟದ ಶೂಗಳ ಮೇಲ್ತುದಿಯಲ್ಲಿ ಸಾಮಾನ್ಯವಾಗಿ ಒಂದು ಹೆಚ್ಚುವರಿ ತೂತಿರುತ್ತದೆ; ಬಹಳ ಮಂದಿ ಅದನ್ನು ಮುಟ್ಟುವುದೇ ಇಲ್ಲ. ಲೇಸನ್ನು ಎದುರು ಬದಿಗೆ ದಾಟಿಸದೆ, ಅದೇ ಬದಿಯ ಆ ತೂತಿಗೆ ಹೊರಗಿನಿಂದ ಒಳಕ್ಕೆ ತೂರಿಸಿ. ಎರಡೂ ಕಡೆ ಸಣ್ಣ ಕುಣಿಕೆ ಉಳಿಯಲಿ. ಆಮೇಲೆ ಒಂದೊಂದು ತುದಿಯನ್ನೂ ಎದುರಿನ ಕುಣಿಕೆಯೊಳಗೆ ಹಾಯಿಸಿ, ಹಿಮ್ಮಡಿಯನ್ನು ಶೂವಿನ ಹಿಂಭಾಗಕ್ಕೆ ಒತ್ತಿಟ್ಟುಕೊಂಡು, ಕೆಳಮುಖವಾಗಿ ಎಳೆದು ಗಂಟು ಹಾಕಿ.

ಪಾದದ ಮೇಲ್ಭಾಗ ಜುಮುಗುಟ್ಟಿದರೆ ಬಿಗಿ ಅತಿಯಾಯಿತೆಂದೇ ಅರ್ಥ. ಆ ಜಾಗದಲ್ಲಿ ಲೇಸನ್ನು ಅಡ್ಡ ಹಾಯಿಸದೆ, ಅದೇ ಬದಿಯ ಮುಂದಿನ ತೂತಿಗೆ ನೇರವಾಗಿ ಏರಿಸಿ. ಸುಮ್ಮನೆ ನಿಂತಾಗಲೇ ಬೆರಳು ತುದಿಗೆ ತಾಗುತ್ತಿದ್ದರೆ ಮಾತ್ರ ಶೂವನ್ನೇ ಬದಲಿಸಬೇಕು.